ಬಾಟಲಿಯ ಬೆನ್ನಿನ ಎರಡಕ್ಷರ

ಎರಡು ತಿಂಗಳ ಹಿಂದೆ ನಮ್ಮ ಮನೆಯ ಹಳೆಯ ಸ್ಪ್ಲೆಂಡರ್ ಪ್ಲಸ್ ಏರು ಹತ್ತುವಾಗ ತಕರಾರು ಮಾಡತೊಡಗಿತು. ಆಕ್ಸಿಲರೇಟರ್ ತಿರುವಿದರೆ ಇಂಜಿನ್ನಿನ ಸದ್ದು ಏರುತ್ತಿತ್ತು, ಗಾಡಿ ಮಾತ್ರ ಅದಕ್ಕೆ ತಕ್ಕಂತೆ ಎಳೆಯುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಸವೆದಿರಬೇಕೆಂದು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಮೊದಲು ಕ್ಲಚ್ ಕೇಬಲ್ ಬಿಗಿಯಾಗಿದೆಯೇ ನೋಡಿದರು, ಸರಿಯಿತ್ತು. “ಆಯಿಲ್ ಯಾವಾಗ ಬದಲಾಯಿಸಿದ್ರಿ ಸಾರ್? ಯಾವುದು ಹಾಕಿದ್ರಿ?” ಎಂದು ಕೇಳಿದರು. ಹದಿನೈದು ದಿನದ ಹಿಂದೆ ಅಂಗಡಿಯಿಂದ ನಾನೇ ತಂದು ಹಾಕಿದ್ದೆ, ಕೈಪಿಡಿಯಲ್ಲಿ ಹೇಳಿದಂತೆ 10ಡಬ್ಲ್ಯು-30. ಮಾರನೆಯ ದಿನ ಖಾಲಿ ಬಾಟಲಿ ತೆಗೆದುಕೊಂಡು ಹೋದೆ. ಅವರು ಅದರ ಬೆನ್ನು ತಿರುಗಿಸಿ ಒಂದು ಸಣ್ಣ ಚೌಕದ ಮೇಲೆ ಬೆರಳಿಟ್ಟರು. ‘ಎಂಬಿ’ ಎಂದಿತ್ತು. ಅದು ಸ್ಕೂಟರಿನ ಆಯಿಲ್.

ಮನೆಗೆ ಬಂದು ಕೈಪಿಡಿಯನ್ನು ಮತ್ತೆ ತೆರೆದೆ. ಅಲ್ಲಿ ಒಂದೇ ಸಾಲಿನಲ್ಲಿ ಮೂರು ಸಂಗತಿಗಳಿದ್ದವು: ಎಸ್‌ಎಇ 10ಡಬ್ಲ್ಯು-30, ಎಸ್‌ಜೆ ಗ್ರೇಡ್, ಜಾಸೊ ಎಂಎ. ನಾನು ಅಂಗಡಿಯಲ್ಲಿ ಹೇಳಿದ್ದು ಮೊದಲನೆಯದನ್ನು ಮಾತ್ರ. ಕೇಳಿದ್ದನ್ನು ಅಂಗಡಿಯವರು ಕೊಟ್ಟಿದ್ದರು, ಅವರನ್ನು ದೂರುವಂತಿಲ್ಲ. 10ಡಬ್ಲ್ಯು ಎಂಬುದು ಚಳಿಯಲ್ಲಿ ಎಣ್ಣೆ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದರ ಗುರುತು. 30 ಎಂಬುದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರದ್ದು. ಎಸ್‌ಜೆ ಗುಣಮಟ್ಟದ ವರ್ಗ. ಅದರ ನಂತರ ಎಸ್‌ಎಲ್, ಎಸ್‌ಎಂ, ಎಸ್‌ಎನ್ ಬಂದಿವೆ. ಹೊಸ ಅಕ್ಷರದ ಎಣ್ಣೆ ಹಳೆಯದರ ಕೆಲಸವನ್ನೂ ಮಾಡುತ್ತದೆಯಾದ್ದರಿಂದ ಎಸ್‌ಜೆ ಎಂದೇ ಬರೆದ ಡಬ್ಬಿಗಾಗಿ ನಾವು ಊರೆಲ್ಲ ಅಲೆಯಬೇಕಿಲ್ಲ. ಆದರೆ ಮೂರನೆಯದರಲ್ಲಿ ಹಾಗೆ ಸಡಿಲ ಬಿಡುವಂತಿಲ್ಲ. ನಮ್ಮ ಬೈಕುಗಳಲ್ಲಿ ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ ಪ್ಲೇಟುಗಳು ಅದರಲ್ಲೇ ತೊಯ್ದಿರುತ್ತವೆ. ಅವು ಒಂದನ್ನೊಂದು ಗಟ್ಟಿಯಾಗಿ ಹಿಡಿದರೇನೇ ಗಾಡಿ ಎಳೆಯುವುದು. ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ ಒಣದು, ಎಣ್ಣೆಯಿಂದ ದೂರ. ಹಾಗಾಗಿ ಸ್ಕೂಟರಿನ ಎಣ್ಣೆಗೆ ಘರ್ಷಣೆ ಇಳಿಸುವ ಪದಾರ್ಥ ಬೆರೆಸಿದರೆ ಇಂಧನ ಉಳಿಯುತ್ತದೆ, ನಷ್ಟವೇನಿಲ್ಲ. ಅದೇ ಎಣ್ಣೆ ಬೈಕಿಗೆ ಬಿದ್ದರೆ ಹಳೆಯ ಪ್ಲೇಟುಗಳು ಜಾರತೊಡಗುತ್ತವೆ. ಕಾರಿನ 10ಡಬ್ಲ್ಯು-30 ಬಾಟಲಿಯಲ್ಲೂ ಈ ಅಪಾಯವಿದೆ. ಆದ್ದರಿಂದ ಬೈಕಿಗೆ ಕೊಳ್ಳುವಾಗ ಬ್ರ್ಯಾಂಡ್ ಯಾವುದೇ ಇರಲಿ, ಬೆನ್ನಿನಲ್ಲಿ ಎಂಎ ಅಥವಾ ಎಂಎ2 ಇದೆಯೇ ಎಂದು ಮೊದಲು ನೋಡಬೇಕು.

ಗ್ಯಾರೇಜಿನಲ್ಲಿ ಎಣ್ಣೆ ಬದಲಾಯಿಸುವಾಗ, ಗಾಡಿ ಹಳೆಯದಾಯಿತಲ್ಲ, ತುಸು ಗಟ್ಟಿಯಾದ 20ಡಬ್ಲ್ಯು-50 ಹಾಕಿಬಿಡೋಣವೇ ಎಂದು ಮೆಕ್ಯಾನಿಕ್ಕನ್ನು ಕೇಳಿದೆ. ಎಷ್ಟೋ ಜನ ಹಾಗೆ ಹೇಳುವುದನ್ನು ಕೇಳಿದ್ದೆ. “ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಾ? ಆಯಿಲ್ ಕಡಿಮೆ ಆಗ್ತಿದೆಯಾ? ಎರಡೂ ಇಲ್ಲ ಅಂದ್ಮೇಲೆ ಯಾಕೆ ಸಾರ್?” ಎಂದರು. ಅವರ ಮಾತಿನಲ್ಲಿ ಅರ್ಥವಿದೆ. ಗಟ್ಟಿ ಎಣ್ಣೆ ಬೆಳಗಿನ ತಣ್ಣನೆಯ ಇಂಜಿನ್ನಿನಲ್ಲಿ ಮೇಲಿನ ಭಾಗಗಳಿಗೆ ತಡವಾಗಿ ಮುಟ್ಟುತ್ತದೆ. ಸವೆದ ಪಿಸ್ಟನ್ ರಿಂಗನ್ನು ಅದು ದುರಸ್ತಿ ಮಾಡುವುದಿಲ್ಲ, ಹೆಚ್ಚೆಂದರೆ ಹೊಗೆಯನ್ನು ಕೆಲವು ದಿನ ಮರೆಮಾಚೀತು. ಎಣ್ಣೆ ಇಳಿಯುತ್ತಿದೆಯೇ ಎಂದು ನೋಡುವ ಕ್ರಮವನ್ನೂ ಅವರು ತೋರಿಸಿದರು. ಗಾಡಿಯನ್ನು ಸಮನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಇಂಜಿನ್ನನ್ನು ಕೆಲವು ನಿಮಿಷ ಓಡಿಸಿ, ಆರಿಸಿ, ಎಣ್ಣೆ ಕೆಳಗಿಳಿಯಲು ಎರಡು ಮೂರು ನಿಮಿಷ ಕಾಯಬೇಕು. ಆಮೇಲೆ ಡಿಪ್‌ಸ್ಟಿಕ್ ಒರೆಸಿ, ತಿರುಪದೆ ಸುಮ್ಮನೆ ಇಳಿಬಿಟ್ಟು ತೆಗೆದರೆ ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಕಾಣಬೇಕು. ನಾನು ಇಷ್ಟು ವರ್ಷ ತಿರುಪಿಯೇ ನೋಡುತ್ತಿದ್ದೆ. ಹಾಗೆ ನೋಡಿದರೆ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ.

ಎಂಎ ಇದ್ದ 900 ಮಿಲಿಲೀಟರಿನ ಬಾಟಲಿ ಸುರಿದ ಮೇಲೂ ಜಾರುವುದು ಒಮ್ಮೆಗೇ ನಿಲ್ಲಲಿಲ್ಲ. ಪ್ಲೇಟುಗಳ ನಡುವೆ ಹಳೆಯದರ ಶೇಷ ಉಳಿದಿರುತ್ತದಂತೆ. ಮುನ್ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಾಯಿಸಿದಾಗ ಗಾಡಿ ಏರನ್ನು ಮೊದಲಿನಂತೆ ಹತ್ತಿತು. ಹೊಸ ಪ್ಲೇಟಿನ ಖರ್ಚು ತಪ್ಪಿತು. ಈಗ ಈ ಬೈಕನ್ನು ಹೆಚ್ಚಾಗಿ ಓಡಿಸುವವನು ನನ್ನ ತಮ್ಮನ ಮಗ. ಕೈಪಿಡಿ ಬೀರುವಿನಲ್ಲಿರುತ್ತದೆ, ಅವನು ಎಣ್ಣೆ ಕೊಳ್ಳುವುದು ಯಾವುದೋ ಊರಿನ ಅಂಗಡಿಯಲ್ಲಿ. ಕೈಪಿಡಿಯ ಆ ಮೂರು ಸಂಗತಿಗಳನ್ನೂ ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ಎಣ್ಣೆ ಬದಲಾಯಿಸಿದ ದಿನ ಮತ್ತು ಆಗಿನ ಕಿಲೋಮೀಟರ್ ಸೇರಿಸಿ, ಸೈಡ್ ಕವರಿನ ಒಳಬದಿಗೆ ಅಂಟಿಸಿದ್ದೇನೆ. ಮುಂದಿನ ಸಲದ್ದನ್ನು ಅವನು ಬರೆಯಲೆಂದು ಕೆಳಗಿನ ಸಾಲನ್ನು ಖಾಲಿ ಬಿಟ್ಟಿದ್ದೇನೆ.