ಸಿವಿಗಿಂತ ಮೊದಲು ತೆರೆಯುವ ಪತ್ರ

ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಓದುವವರಿಗೆ ಕೊನೆಯ ವರ್ಷ ಇಂಟರ್ನ್‌ಶಿಪ್ ಕಡ್ಡಾಯ. ಹಾಗಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳೂ ಸಿವಿ ಲಗತ್ತಿಸಿ ಗೊತ್ತಿಲ್ಲದವರಿಗೆ ಮೇಲ್ ಕಳಿಸಲು ಕೂರುತ್ತಾರೆ. ಸಿವಿಯನ್ನು ವಾರಗಟ್ಟಲೆ ತಿದ್ದಿರುತ್ತಾರೆ, ಮೇಲನ್ನು ಐದು ನಿಮಿಷದಲ್ಲಿ ಬರೆದು ಮುಗಿಸುತ್ತಾರೆ. ಆದರೆ ಆಚೆ ಕಡೆಯವರು ಮೊದಲು ಓದುವುದು ಮೇಲನ್ನೇ. ಸಿವಿಯನ್ನು ತೆರೆಯಬೇಕೋ ಬೇಡವೋ ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಈ ಮೇಲುಗಳ ಒಕ್ಕಣೆ ಸಾಮಾನ್ಯವಾಗಿ ಹೈಸ್ಕೂಲಿನ ರಜಾ ಅರ್ಜಿಯದ್ದು. ಮಾನ್ಯರೇ, ನಾನು ಇಂಥ ಕಾಲೇಜಿನ ಇಂಥ ವಿಭಾಗದ ವಿದ್ಯಾರ್ಥಿ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೋರುತ್ತೇನೆ, ದಯಮಾಡಿ ಲಗತ್ತು ನೋಡಿ. ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಸಂಸ್ಥೆಯ ಹೆಸರು ಬದಲಿಸಿದರೆ ಇದೇ ಮೇಲು ಸಿಮೆಂಟ್ ಕಂಪೆನಿಗೂ ಸಾಫ್ಟ್‌ವೇರ್ ಕಂಪೆನಿಗೂ ಹೊಂದುತ್ತದೆ. ಓದುವವರಿಗೆ ಅದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಕೆಲವರಂತೂ ನಲವತ್ತು ವಿಳಾಸಗಳನ್ನು ಒಟ್ಟಿಗೆ ಹಾಕಿ ಎಲ್ಲರಿಗೂ ಕಾಣುವಂತೆ ಕಳಿಸುತ್ತಾರೆ. ಅಂಥದ್ದಕ್ಕೆ ಉತ್ತರ ಕೊಡುವುದು ಉಳಿದ ಮೂವತ್ತೊಂಬತ್ತು ಮಂದಿಯ ಕೆಲಸ ಎಂದೇ ಪ್ರತಿಯೊಬ್ಬರೂ ಭಾವಿಸುತ್ತಾರೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಮರವಂತೆಯ ಸಿವಿಲ್ ವಿದ್ಯಾರ್ಥಿನಿಯೊಬ್ಬಳು ಸುರತ್ಕಲ್ ಎನ್‌ಐಟಿಕೆಯಲ್ಲಿ ಕಡಲ್ಕೊರೆತದ ಅಧ್ಯಯನ ಮಾಡುವ ಪ್ರಾಧ್ಯಾಪಕರಿಗೆ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ: ಕಡಲ್ಕೊರೆತ ಅವಳಿಗೆ ಪಠ್ಯಪುಸ್ತಕದಿಂದ ಬಂದ ವಿಷಯವಲ್ಲ. ಆದರೆ ‘ನಾನು ಕಡಲ ತಡಿಯಲ್ಲೇ ಬೆಳೆದವಳು, ನನಗೆ ತುಂಬಾ ಆಸಕ್ತಿ’ ಎಂದಷ್ಟೇ ಬರೆದರೆ ಪ್ರಾಧ್ಯಾಪಕರಿಗೆ ಏನೂ ದಕ್ಕುವುದಿಲ್ಲ. ಅವರಿಗೆ ಬೇಕಾದದ್ದು ಅವಳು ಮಾಡಿದ ಕೆಲಸ.

ಅವಳು ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರಗಳನ್ನು ಇಳಿಸಿಕೊಂಡು, ಬೇರೆ ಬೇರೆ ವರ್ಷಗಳ ದಡದ ಗೆರೆಯನ್ನು ಕ್ಯೂಜಿಐಎಸ್‌ನಲ್ಲಿ ಎಳೆದು ಹೋಲಿಸಿದ್ದಾಳೆ ಎನ್ನಿ. ಅದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಮುಂದಿನ ವಾಕ್ಯ ಅದಕ್ಕಿಂತ ಮುಖ್ಯ: ‘ಚಿತ್ರ ತೆಗೆದ ಹೊತ್ತಿನ ಉಬ್ಬರ ಇಳಿತದ ವ್ಯತ್ಯಾಸವನ್ನು ನಾನಿನ್ನೂ ಸರಿಪಡಿಸಿಲ್ಲ, ಅದನ್ನು ಕಲಿಯಬೇಕಿದೆ.’ ಈ ಚಿತ್ರಗಳಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಹತ್ತು ಮೀಟರ್. ಮರಳದಂಡೆ ಇಪ್ಪತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಜಾರಾಗಿದ್ದರೆ, ನೀರಿನ ಮಟ್ಟ ಒಂದು ಮೀಟರ್ ಏರಿದರೂ ದಡದ ಗೆರೆ ಇಪ್ಪತ್ತು ಮೀಟರ್ ಒಳಗೆ ಸರಿದಂತೆ ಕಾಣುತ್ತದೆ, ಒಂದು ಹಿಡಿ ಮರಳೂ ಕೊಚ್ಚಿಹೋಗದೆ. ತನ್ನ ಲೆಕ್ಕ ಎಲ್ಲಿ ತಪ್ಪಬಹುದೆಂದು ಬಲ್ಲ ವಿದ್ಯಾರ್ಥಿನಿಗೆ ಕೆಲಸ ಕೊಡಬಹುದು ಎಂದು ಪ್ರಾಧ್ಯಾಪಕರಿಗೆ ಅನ್ನಿಸುವುದು ಇಲ್ಲಿ. ಎಂಟೂವರೆ ಸಿಜಿಪಿಎ ಈ ಕೆಲಸ ಮಾಡಲಾರದು. ಅದು ಸಿವಿಯಲ್ಲೇ ಇರಲಿ.

ಈ ಎರಡು ವಾಕ್ಯಗಳಿಗೂ ಮೊದಲು ಕೋರಿಕೆ ಬರಬೇಕು. ಫೆಬ್ರವರಿಯಿಂದ ಮೇ ತನಕ, ಪೂರ್ಣಾವಧಿ, ಸುರತ್ಕಲ್ಲಿಗೇ ಬಂದು ಕೆಲಸ ಮಾಡಲು ಸಿದ್ಧ ಎಂದು ತಿಂಗಳುಗಳ ಸಮೇತ ಹೇಳಬೇಕು. ವಿಷಯದ ಸಾಲಿನಲ್ಲಿ ‘ಇಂಟರ್ನ್‌ಶಿಪ್’ ಎಂದಷ್ಟೇ ಹಾಕಿದರೆ ಅದು ನೂರರಲ್ಲಿ ಒಂದಾಗುತ್ತದೆ. ಮೊಬೈಲಿನಲ್ಲಿ ಆ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ಕೆಲಸ, ಅವಧಿ, ವಿಭಾಗ ಮೂರೂ ಅಲ್ಲೇ ಮುಂದಿರಲಿ. ಆ ಪ್ರಾಧ್ಯಾಪಕರ ಒಂದು ಲೇಖನವನ್ನು ನಿಜವಾಗಿ ಓದಿದ್ದರೆ ಅದರ ಯಾವ ಭಾಗ ತನ್ನ ಕೆಲಸಕ್ಕೆ ತಾಗುತ್ತದೆಂದು ಬರೆಯಬಹುದು. ಓದದೇ ಹೊಗಳುವುದು ಬೇಡ, ಬರೆದವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಎಲ್ಲ ಸೇರಿ ನೂರೈವತ್ತು ಪದ ಸಾಕು.

ಲಗತ್ತಿನ ಹೆಸರು `resume_final_new(2).pdf` ಎಂದಿದ್ದರೆ, ಇಳಿಸಿಕೊಂಡ ಮೇಲೆ ಯಾರದ್ದೆಂದು ತಿಳಿಯದೆ ಕಡತಗಳ ರಾಶಿಯಲ್ಲಿ ಕಳೆದುಹೋಗುತ್ತದೆ. ಅಲ್ಲಿ ಅವಳ ಹೆಸರಿರಬೇಕು. ಡ್ರೈವ್ ಕೊಂಡಿ ಕೊಡುವವರು ಅದನ್ನು ಬೇರೊಂದು ಖಾತೆಯಿಂದ ಒಮ್ಮೆ ತೆರೆದು ನೋಡಬೇಕು. ಅನುಮತಿ ಕೇಳುವ ಕೊಂಡಿಗೆ ಅನುಮತಿ ಬೇಡಿ ಕಾಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ ಮಾರಾಯ್ರೆ. ಕಾಲೇಜಿನ ನಿರಾಕ್ಷೇಪಣಾ ಪತ್ರ ಸಿಗುತ್ತದೆಯೇ ಎಂದು ಮೊದಲೇ ವಿಭಾಗದ ಮುಖ್ಯಸ್ಥರ ಹತ್ತಿರ ಕೇಳಿಟ್ಟುಕೊಂಡು, ಕೊನೆಯಲ್ಲಿ ‘ಬೇಕಿದ್ದರೆ ಒದಗಿಸುತ್ತೇನೆ’ ಎಂದು ಸೇರಿಸಬಹುದು.

ಹತ್ತು ದಿನ ಉತ್ತರ ಬಾರದಿದ್ದರೆ ಹೊಸ ಮೇಲು ಬರೆಯದೆ, ಹಳೆಯದಕ್ಕೇ ಎರಡು ಸಾಲು ಉತ್ತರವಾಗಿ ಸೇರಿಸಿ ಕಳಿಸಬೇಕು. ಆಗ ಮೊದಲಿನದ್ದೂ ಕೆಳಗೆ ಕಾಣುತ್ತದೆ. ಆಮೇಲೂ ಸದ್ದಿಲ್ಲದಿದ್ದರೆ ಮುಂದಿನ ವಿಳಾಸಕ್ಕೆ ಹೋಗಬಹುದು. ಪುಣೆಯ ಖಡಕ್‌ವಾಸ್ಲಾದಲ್ಲಿ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಿದೆ, ಅಲೆತಡೆಗೋಡೆಗಳ ಸಣ್ಣ ಮಾದರಿ ಕಟ್ಟಿ ಕೃತಕ ಅಲೆ ಎಬ್ಬಿಸಿ ಪರೀಕ್ಷಿಸುವ ಜಾಗ. ಅಲ್ಲಿಗೆ ಬರೆಯುವಾಗ ಉಪಗ್ರಹದ ಮಾತು ಚಿಕ್ಕದಾಗಿ, ಕಾಲೇಜಿನ ಹೈಡ್ರಾಲಿಕ್ಸ್ ಪ್ರಯೋಗಾಲಯದಲ್ಲಿ ಅವಳೇ ನಿಂತು ಅಳೆದದ್ದು ಮೇಲಕ್ಕೆ ಬರಬೇಕು.