ಉಪ್ಸಾರಿನ ಬಗ್ಗೆ ಕೇಳದ ಅಂಕಪಟ್ಟಿ

ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರಿಗೆ ತುಂಬುವ ಸಿಬಿಎಸಿ ನಮೂನೆಯಲ್ಲಿ ಪ್ರತಿಯೊಬ್ಬರಿಗೂ ಅಂಕ ಬೀಳುತ್ತದೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆಯವರ ಕಾಯಿಲೆ: ಇವುಗಳ ಮೊತ್ತ ನಾಲ್ಕು ದಾಟಿದರೆ ತಪಾಸಣೆಯಲ್ಲಿ ಮೊದಲ ಆದ್ಯತೆ. ನಲವತ್ತೈದರ ಹೆಂಗಸೊಬ್ಬಳನ್ನು ಊಹಿಸಿಕೊಳ್ಳಿ. ಗದ್ದೆ ಕೆಲಸ, ತೆಳ್ಳಗಿನ ಮೈ, ದಿನಾ ಎಲೆಯಡಿಕೆಯ ಜೊತೆ ಹೊಗೆಸೊಪ್ಪು. ವಯಸ್ಸಿಗೆ ಎರಡು, ತಂಬಾಕಿಗೆ ಎರಡು. ನಾಲ್ಕಕ್ಕೇ ನಿಂತಳು.

ಈ ಅಂಕಗಳಲ್ಲಿ ಉಪ್ಪಿಗೆ ಜಾಗವಿಲ್ಲ. ಹೆಸರಲ್ಲೇ ಉಪ್ಪಿರುವ ಉಪ್ಸಾರು ಮಂಡ್ಯ ಸೀಮೆಯ ನಿತ್ಯದ ಊಟ. ಜೊತೆಗೆ ಉಪ್ಪಿನಕಾಯಿ, ಹಪ್ಪಳ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಆದರೆ ಊರಿಗೆ ಊರೇ ಹೆಚ್ಚುಕಡಿಮೆ ಒಂದೇ ಅಳತೆ ಉಪ್ಪು ತಿಂದರೆ, ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ಉಪ್ಪು ನೆರವಾಗುವುದಿಲ್ಲ. ಅಂಕಪಟ್ಟಿಗೆ ಬೇಕಾದದ್ದು ವ್ಯತ್ಯಾಸ. 1985ರಲ್ಲಿ ಜೆಫ್ರಿ ರೋಸ್ ಹೇಳಿದ್ದು ಇದನ್ನೇ: ಈತನಿಗೇ ಯಾಕೆ ಬಂತು ಎಂಬುದು ಒಂದು ಪ್ರಶ್ನೆ, ಈ ಊರಲ್ಲಿ ಇಷ್ಟೊಂದು ಯಾಕೆ ಎಂಬುದು ಬೇರೆಯೇ ಪ್ರಶ್ನೆ.

ಲೆಕ್ಕಕ್ಕೆಂದು ಸಾವಿರ ವಯಸ್ಕರ ಊರೊಂದನ್ನು ಕಲ್ಪಿಸೋಣ. ನೂರು ಮಂದಿಗೆ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಾಧ್ಯತೆ ಶೇ. 20, ಉಳಿದ ಒಂಬೈನೂರು ಮಂದಿಗೆ ಶೇ. 5. ಮೊದಲ ಗುಂಪಿನಿಂದ ಇಪ್ಪತ್ತು, ಎರಡನೆಯದರಿಂದ ನಲವತ್ತೈದು ಪ್ರಕರಣ. ಅಂದರೆ ಹೆಚ್ಚಿನವರು ಬರುವುದು 'ಪರವಾಗಿಲ್ಲ' ಎನಿಸಿಕೊಂಡವರ ಗುಂಪಿನಿಂದಲೇ. ಮೊದಲ ಗುಂಪಿಗೆ ಮಾತ್ರೆ ಕೊಟ್ಟು ಅಪಾಯವನ್ನು ಕಾಲುಭಾಗ ಇಳಿಸಿದರೆ ಐವರು ಉಳಿದರು. ಎಲ್ಲರ ಅಪಾಯ ಹತ್ತನೇ ಒಂದು ಭಾಗ ಇಳಿದರೆ ಆರೇಳು ಮಂದಿ.

ಹಾಗಾದರೆ ಎರಡನೆಯದೇ ನ್ಯಾಯವೇ? ಮಾತ್ರೆ ನುಂಗುವ ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಲಾಭ. ಉಪ್ಪು ಇಳಿಸುವುದರಲ್ಲಿ ನೂರೈವತ್ತಕ್ಕೆ ಒಬ್ಬರಿಗೆ. ಉಳಿದವರು ನಾಲಿಗೆಯ ರುಚಿ ಬಿಟ್ಟದ್ದಕ್ಕೆ ಪ್ರತಿಫಲ ಕಾಣುವುದಿಲ್ಲ. ಉಳಿದುಕೊಂಡವರಿಗೂ ತಾವು ಉಳಿದೆವೆಂದು ತಿಳಿಯುವುದಿಲ್ಲ. ಒಬ್ಬೊಬ್ಬರನ್ನೂ ಒಪ್ಪಿಸಲು ಹೊರಡುವುದಕ್ಕಿಂತ, ಬೇಕರಿ, ಹೋಟೆಲು, ಅಂಗನವಾಡಿಯ ಅಡುಗೆಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸುವುದು ಸರಿಯೆಂದು ನನಗನ್ನಿಸುತ್ತದೆ. ಆ ರುಚಿಯನ್ನೂ ಯಾರೂ ನಮ್ಮನ್ನು ಕೇಳಿ ನಿಗದಿ ಮಾಡಿದ್ದಲ್ಲ. ಹಾಗಂತ ಬಿಪಿ 170 ಇರುವವನ ಮಾತ್ರೆ ನಿಲ್ಲಿಸಿ ಆ ಹಣವನ್ನು ಊರಿಗೆ ಸುರಿಯಿರಿ ಎನ್ನಲಾರೆ. ಅವನು ಲೆಕ್ಕದ ಶೇಕಡಾವಾರು ಅಲ್ಲ, ಎದುರಿಗೆ ಕೂತ ಮನುಷ್ಯ.

ಎರಡು ದಾರಿಗಳೂ ಪೂರ್ತಿ ಬೇರೆಯಲ್ಲ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು ರಕ್ತದೊತ್ತಡ ಇಳಿಸುತ್ತದೆ. ಆದರೆ ಮೂತ್ರಪಿಂಡ ಕೆಟ್ಟವರಿಗೆ ಅದೇ ಪೊಟ್ಯಾಸಿಯಂ ಅಪಾಯ. ಅದನ್ನು ಊರಿಗೆಲ್ಲ ಹಂಚುವ ಮುಂಚೆ, ಯಾರ ಮನೆಗೆ ಕೊಡಬಾರದೆಂದು ಗೊತ್ತಿರಬೇಕು. ಆಗ ಮತ್ತೆ ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಕಾಗುತ್ತದೆ.