ಅರಳುಮರಳಿನ ಹೆಬ್ಬೆಟ್ಟು

ನಮ್ಮ ಗುಂಡ್ಲುಪೇಟೆ ಕಡೆ ಮನೆಯ ಯಜಮಾನರಿಗೆ ಅರಳುಮರಳು ಶುರುವಾಯಿತೆಂದರೆ ನೆಂಟರಿಷ್ಟರು ಕೊಡುವ ಮೊದಲ ಸಲಹೆ ಒಂದೇ: 'ಇನ್ನೂ ಹೆಬ್ಬೆಟ್ಟು ಒತ್ತೋ ಸ್ಥಿತೀಲಿ ಇದ್ದಾಗಲೇ ಒಂದು ಜಿಪಿಎ ಮಾಡಿಸ್ಕೊಳ್ಳಿ.' ಇದರ ಹಿಂದೆ ಯಾವಾಗಲೂ ಆಸೆಬುರುಕತನವೇ ಇರುತ್ತದೆ ಎನ್ನಲಾರೆ. ಔಷಧಿಗೆ ದುಡ್ಡು ಬೇಕು, ಬ್ಯಾಂಕಿನಲ್ಲಿ ಸಹಿ ಬೇಕು, ಜಮೀನಿನ ಕೆಲಸ ನಿಲ್ಲಬಾರದು. ಮುಂದೆ ಬರುವ ಕಷ್ಟಕ್ಕೆ ಒಂದು ಕಾಗದ ಕೈಯಲ್ಲಿರಲಿ ಎಂಬ ಎಚ್ಚರವೂ ಅದರಲ್ಲಿದೆ.

ಆದರೆ ಯಾವ ದಿನಕ್ಕೆಂದು ಆ ಕಾಗದ ಮಾಡಿಸಿಕೊಂಡಿರುತ್ತೇವೋ ಆ ದಿನ ಬಂದ ಕೂಡಲೇ ಅದರ ಬಲ ಹೋಗಿರುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೂ ಮುಗಿಯಿತು, ಸ್ವಸ್ಥಚಿತ್ತ ಕಳೆದುಕೊಂಡರೂ ಮುಗಿಯಿತು. ಇಂಗ್ಲೆಂಡಿನಲ್ಲಿ ಬುದ್ಧಿ ಹೋದ ಮೇಲೂ ಉಳಿಯುವಂಥ ಅಧಿಕಾರಪತ್ರವನ್ನು 2005ರ ಕಾಯ್ದೆಯೊಂದು ಒಪ್ಪುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. 209ನೇ ಕಲಮು ಒಂದಿಷ್ಟು ಜಾಗ ಬಿಟ್ಟಿದೆ: ವಹಿಸಿಕೊಂಡದ್ದನ್ನು ಹಾಳಾಗದಂತೆ ಕಾಪಾಡುವುದು ಏಜೆಂಟನ ಕರ್ತವ್ಯ. ಬೆಳೆ ಒಣಗದಂತೆ ನೋಡಿಕೊಳ್ಳುವುದು ಅದರೊಳಗೆ ಬಂದೀತು, ಜಮೀನು ಮಾರುವುದು ಬರುವುದಿಲ್ಲ.

ಇದು ಕಾನೂನಿನ ಮೊಂಡುತನದಂತೆ ಕಂಡರೂ ಒಳಗೊಂದು ನ್ಯಾಯವಿದೆ. ನಾನು ನಿಮಗೆ ಜಿಪಿಎ ಕೊಟ್ಟರೆ ನೀವು ನನ್ನ ಮಾತನ್ನು ಹೊತ್ತು ನಡೆಯುವವರು. ತಪ್ಪಿದರೆ ಬೈಯುತ್ತೇನೆ, ಬೇಡವೆನಿಸಿದರೆ ರದ್ದು ಮಾಡುತ್ತೇನೆ. ಬೈಯುವ, ರದ್ದು ಮಾಡುವ ಶಕ್ತಿಯೇ ನನಗೆ ಹೋದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ನನ್ನ ಮಾತಲ್ಲ, ನನ್ನ ಮೇಲಿನ ಅಧಿಕಾರ. ಆ ಅಧಿಕಾರವನ್ನು ನೋಡುತ್ತಿರಲು ಮೂರನೆಯವರೊಬ್ಬರು ಬೇಕು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗುಂಡ್ಲುಪೇಟೆ ತಾಲ್ಲೂಕಿನ ಎಪ್ಪತ್ತಾರರ ರೈತ, ಸ್ವಯಾರ್ಜಿತವಾದ ಮೂರು ಎಕರೆ, ಅದರಲ್ಲಿ ಚೆಂಡುಹೂವು, ಅರಿಶಿನ. ಹೆಂಡತಿ ಇದ್ದಾರೆ. ಇಬ್ಬರು ಗಂಡುಮಕ್ಕಳು, ಚಾಮರಾಜನಗರಕ್ಕೆ ಕೊಟ್ಟ ಒಬ್ಬ ಮಗಳು. ಮೂರು ವರ್ಷದ ಹಿಂದೆ, ಚೆನ್ನಾಗಿದ್ದಾಗ, ದೊಡ್ಡ ಮಗನಿಗೆ ಜಿಪಿಎ ಬರೆದುಕೊಟ್ಟಿದ್ದಾರೆ. ಈಗ ಹೆಂಡತಿಯನ್ನೇ 'ನೀವು ಯಾರ ಮನೆಯೋರು?' ಎಂದು ಕೇಳುತ್ತಾರೆ. ನೋಡಿಕೊಳ್ಳುವವರಿಗೆ ಸಂಬಳ, ಔಷಧಿ, ಓಡಾಟ ಸೇರಿ ಕೈ ಖಾಲಿಯಾಗಿದೆ. ಒಂದು ಎಕರೆಗೆ ಗಿರಾಕಿ ಬಂದಿದ್ದಾನೆ.

ಮಗ ಜಿಪಿಎ ಮೇಲೆ ಕ್ರಯಪತ್ರ ಮಾಡಿಕೊಟ್ಟನೆನ್ನಿ. ನೋಂದಣಿ ಆಗಿಯೂಬಿಡಬಹುದು. ಆದರೆ ನಾಳೆ ಮಗಳು ಅಪ್ಪನ ಪರವಾಗಿ ದಾವೆ ಹೂಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶ ಅದಕ್ಕೆ ದಾರಿ ಕೊಡುತ್ತದೆ. ಆಗ ನ್ಯಾಯಾಲಯ ಮೊದಲು ನೋಡುವುದು ಎರಡು ತಾರೀಕುಗಳನ್ನು: ಆಸ್ಪತ್ರೆಯ ಚೀಟಿಯಲ್ಲಿ ಮರೆವಿನ ಕಾಯಿಲೆ ಎಂದು ಬರೆದದ್ದು ಯಾವತ್ತು, ಕ್ರಯಪತ್ರ ಆದದ್ದು ಯಾವತ್ತು. ಚೀಟಿ ಹಿಂದಿನದಾಗಿದ್ದರೆ ಆ ಕ್ರಯ ನಿಲ್ಲುವುದು ಕಷ್ಟ, ಕೊಂಡವನ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ.

ಹಾಗಾದರೆ ಸರಿದಾರಿ ಯಾವುದು? ಮೊದಲು ಕೇಳಬೇಕಾದ್ದು, ಅವರ ಬುದ್ಧಿ ಪೂರ್ತಿ ಹೋಗಿದೆಯೇ ಎಂದು. ಈ ಕಾಯಿಲೆಯಲ್ಲಿ ಬೆಳಗಿನ ಮನುಷ್ಯನೇ ಬೇರೆ, ಸಂಜೆಯ ಮನುಷ್ಯನೇ ಬೇರೆ. ಅದನ್ನು ಕರಾರು ಕಾಯ್ದೆಯೂ ಬಲ್ಲದು. ಸಾಮಾನ್ಯವಾಗಿ ಚಿತ್ತಸ್ವಾಸ್ಥ್ಯ ಇಲ್ಲದವರೂ ಅದು ಇದ್ದ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದು ಎನ್ನುತ್ತದೆ ಅದರ 12ನೇ ಕಲಮು. ಚಿಕಿತ್ಸೆಯ ಮಾತಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಮುಂದೆ ಹೋಗಿ, ವಿಷಯವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ, ಸನ್ನೆಯಲ್ಲಿ, ಚಿತ್ರದಲ್ಲಿ ಹೇಳಿ ನೋಡಬೇಕೆನ್ನುತ್ತದೆ. ಎಕರೆಯ ಬೆಲೆ ತೂಗಲಾರದವರು, ತಮ್ಮನ್ನು ಯಾರು ನೋಡಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಬಲ್ಲರು. ಅದೇ ಕಾಯ್ದೆಯಡಿ ಬಿಳಿ ಹಾಳೆಯ ಮೇಲೆ ಬರೆಸಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿ, ತಮ್ಮ ಪ್ರತಿನಿಧಿಯನ್ನು ಹೆಸರಿಸಬಹುದು. ಆದರೆ ಅದು ಮಾನಸಿಕ ಚಿಕಿತ್ಸೆಗೆ ಮಾತ್ರ, ಜಮೀನಿಗಲ್ಲ.

ಜಮೀನಿನ ವಿಷಯದಲ್ಲಿ ನಮ್ಮ ಕಾನೂನಿನಲ್ಲೊಂದು ಖಾಲಿ ಜಾಗವಿದೆ. 1890ರ ಪೋಷಕರ ಕಾಯ್ದೆ ಅಪ್ರಾಪ್ತರಿಗೆ ಮಾತ್ರ. 1912ರ ಮತ್ತು 1987ರ ಕಾಯ್ದೆಗಳಲ್ಲಿ ಜಿಲ್ಲಾ ನ್ಯಾಯಾಲಯ ವಿಚಾರಣೆ ಮಾಡಿ ಆಸ್ತಿಗೊಬ್ಬ ಮ್ಯಾನೇಜರನ್ನು ನೇಮಿಸಬಹುದಿತ್ತು. 2018ರ ಮೇ 29ರಂದು ಜಾರಿಗೆ ಬಂದ ಹೊಸ ಕಾಯ್ದೆ ಚಿಕಿತ್ಸೆಯನ್ನು ಹಿಡಿದುಕೊಂಡು ಆಸ್ತಿಯನ್ನು ಕೈಬಿಟ್ಟಿತು. ಸತ್ತವರ ಹೆಸರು ತೆಗೆಯಲು ಪೌತಿ ಖಾತೆ ಇದೆ. ಬದುಕಿದ್ದೂ ತಮ್ಮ ಹೆಸರು ಮರೆತವರಿಗೆ ಅಂಥದ್ದೊಂದು ನೇರ ದಾರಿಯಿಲ್ಲ.

ಉಳಿದಿರುವುದು ಎರಡು ಬಾಗಿಲು. ಒಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನಡಿ 'ಸೀಮಿತ ಪೋಷಕತ್ವ' ಕೇಳಿ ಚಾಮರಾಜನಗರದ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವುದು. ಆ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯ ವಿವರಣೆಯೊಳಗೆ ನೆನಪಿನ ತೀವ್ರ ಏರುಪೇರೂ ಸೇರಿದೆ. ಇನ್ನೊಂದು, ಸಂವಿಧಾನದ 226ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ. 2019ರಲ್ಲಿ ನೆರೆಯ ಕೇರಳದ ಹೈಕೋರ್ಟು ಕೋಮಾದಲ್ಲಿದ್ದವರ ವಿಷಯದಲ್ಲಿ ಕ್ರಮವೊಂದನ್ನು ಹಾಕಿಕೊಟ್ಟಿತು: ಆಸ್ತಿಯ ಪೂರ್ಣ ವಿವರ ಕೊಡಬೇಕು, ವೈದ್ಯರ ಮಂಡಳಿ ರೋಗಿಯನ್ನು ಪರೀಕ್ಷಿಸಬೇಕು, ಕಂದಾಯ ಇಲಾಖೆಯವರು ಮನೆಗೆ ಬಂದು ವಿಚಾರಿಸಬೇಕು, ಪೋಷಕರಾದವರು ನಿಗದಿತ ಅವಧಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಅದು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ, ಆದರೆ ಅರ್ಜಿ ಹೇಗಿರಬೇಕೆಂಬುದಕ್ಕೆ ಒಳ್ಳೆಯ ಮಾದರಿ.

ನಮ್ಮ ರೈತನ ಮನೆಯವರು ಅರ್ಜಿಯಲ್ಲಿ 'ಎಲ್ಲ ಅಧಿಕಾರ ಕೊಡಿ' ಎಂದು ಕೇಳಬಾರದು. ಒಂದು ಎಕರೆ, ಅದರ ಸರ್ವೆ ನಂಬರು, ಸಿಗುವ ಬೆಲೆ, ತಿಂಗಳ ಖರ್ಚು, ಹಣ ಯಾವ ಖಾತೆಗೆ ಹೋಗುತ್ತದೆ ಎಂಬುದನ್ನು ಬರೆಯಬೇಕು. ಹೆಂಡತಿ ಮತ್ತು ಮೂವರು ಮಕ್ಕಳೂ ಒಪ್ಪಿಗೆ ಕೊಡಬೇಕು, ಇಲ್ಲವೇ ಒಪ್ಪದವರಿಗೆ ನೋಟಿಸು ಹೋಗಬೇಕು. ಉಳಿದ ಎರಡು ಎಕರೆ ಮುದುಕರ ಹೆಸರಿನಲ್ಲೇ ಇರುತ್ತದೆ.

ನೈತಿಕ ಪ್ರಶ್ನೆ ನಿಜಕ್ಕೂ ಬಿಗಿಯಾಗುವುದು ಇಲ್ಲಿ. ಸೀಮಿತ ಪೋಷಕರು ಆ ವ್ಯಕ್ತಿಯ ಇಚ್ಛೆಯಂತೆ ನಡೆಯಬೇಕು ಎನ್ನುತ್ತದೆ 2016ರ ಕಾಯ್ದೆ. ಯಾವ ಇಚ್ಛೆ? 'ನಾನಿರೋವರೆಗೂ ಒಂದು ಗುಂಟೆ ಮಾರಬೇಡಿ' ಎಂದಿದ್ದ ಅಂದಿನ ಯಜಮಾನನದೋ, ಬೆಲ್ಲದ ಟೀ ಕೇಳಿ ಹಟ ಹಿಡಿಯುವ ಇಂದಿನ ಮುದುಕನದೋ? ರೊನಾಲ್ಡ್ ಡ್ವರ್ಕಿನ್ 1993ರ ತನ್ನ 'ಲೈಫ್ಸ್ ಡೊಮಿನಿಯನ್' ಪುಸ್ತಕದಲ್ಲಿ ಅಂದಿನವನ ಪಕ್ಷ ಹಿಡಿದ: ಬದುಕಿಗೊಂದು ಆಕಾರ ಕೊಟ್ಟವನು ಅವನು, ಅವನ ಮಾತೇ ನಡೆಯಬೇಕು. ರೆಬೆಕಾ ಡ್ರೆಸರ್ ಒಪ್ಪಲಿಲ್ಲ: ನಮ್ಮೆದುರು ಕೂತಿರುವುದು ಇಂದಿನವನು, ನೋವು ನಲಿವು ಅವನದು.

ನನಗೆ ತೋಚುವುದಿಷ್ಟು. ಆಸ್ತಿಯಂಥ, ಬದುಕಿನಾಚೆಗೂ ಉಳಿಯುವ ವಿಷಯಗಳಲ್ಲಿ ಅಂದಿನವನ ಮಾತಿಗೆ ತೂಕ ಹೆಚ್ಚು. ಊಟ, ನಡಿಗೆ, ಯಾರ ಪಕ್ಕ ಕೂರಬೇಕು ಎಂಬಲ್ಲಿ ಇಂದಿನವನೇ ಯಜಮಾನ. ಎರಡೂ ಡಿಕ್ಕಿ ಹೊಡೆದರೆ, ಅಂದರೆ ಮಾರದಿದ್ದರೆ ಆರೈಕೆಯೇ ನಿಲ್ಲುತ್ತದೆ ಎಂದಾದರೆ, ಇಂದಿನವನ ದೇಹವನ್ನು ಕಾಯಬೇಕು, ಅದಕ್ಕೆ ಬೇಕಾದಷ್ಟನ್ನೇ ಮಾರಬೇಕು. 'ಸೀಮಿತ' ಎಂಬ ಪದವನ್ನು ನಾನು ಅರ್ಥಮಾಡಿಕೊಳ್ಳುವುದು ಹೀಗೆ.

ಕೊನೆಗಾಲದ ಚಿಕಿತ್ಸೆ ಇನ್ನೊಂದು ಪ್ರಶ್ನೆ. ಜಮೀನಿಗೆ ಪೋಷಕನಾದವನು ತಾನಾಗಿಯೇ ವೆಂಟಿಲೇಟರಿಗೂ ಪೋಷಕನಾಗುವುದಿಲ್ಲ. 2018ರ ತನ್ನ ತೀರ್ಪನ್ನು ಸುಪ್ರೀಂ ಕೋರ್ಟು 2023ರಲ್ಲಿ ಸರಳಗೊಳಿಸಿತು. ಈಗ ಬುದ್ಧಿ ಸ್ವಸ್ಥವಾಗಿರುವವರು ಇಬ್ಬರು ಸಾಕ್ಷಿಗಳ ಮುಂದೆ ತಮ್ಮ ಇಚ್ಛೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢಪಡಿಸಿಕೊಂಡು ಇಟ್ಟಿರಬಹುದು. ಅಂಥ ಪತ್ರವಿಲ್ಲದಿದ್ದರೆ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಹತ್ತಿರದ ಬಂಧುಗಳ ಒಪ್ಪಿಗೆ ಪಡೆದು ತೀರ್ಮಾನಿಸುತ್ತವೆ. ಇಲ್ಲೂ ಒಬ್ಬನೇ ಮಗನ ಮಾತು ಸಾಲದು.

ಇಷ್ಟೆಲ್ಲ ಓಡಾಟ ಯಾಕೆ, ನಮ್ಮಪ್ಪನಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮಪ್ಪನೇ, ನಿಜ. ಆದರೆ ನಾಳೆ ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ಅವರಿಗೆ ನೆನಪು ಮರಳಿ, ಜಗಲಿಯಲ್ಲಿ ಕೂತು 'ಆ ಎಕರೆ ಏನಾಯ್ತು ಮಗಾ?' ಎಂದು ಕೇಳಿದರೆ, ಅವರ ಮುಂದೆ ತೆರೆದಿಡಲು ಒಂದು ಲೆಕ್ಕದ ಪುಸ್ತಕ ನಮ್ಮಲ್ಲಿರಬೇಕು.